ಕ್ವೀನ್ ಹಾಡಿನ ಕೋರಸ್ ನಾವು ಹಾಡಿದರೆ ಶಾಲೆ ಪ್ರಾರ್ಥನೆ ಥರ ಕೇಳಿಸುತ್ತೆ, ಯಾಕೆ?

ಬೇಸ್_ಹುಡುಗ
ಎಲ್ಲರಿಗೂ ನಮಸ್ಕಾರ. ನಾವು ಐದು ಜನ ಇದ್ದೇವೆ, ಬೆಂಗಳೂರಿನಲ್ಲಿ ಶನಿವಾರ ಶನಿವಾರ ಸೇರಿ ನುಡಿಸುತ್ತೇವೆ. ಈಗ ಇಂಗ್ಲೆಂಡಿನ ರಾಕ್ ಬ್ಯಾಂಡ್ ಕ್ವೀನ್‌ನ 'ಸಂಬಡಿ ಟು ಲವ್' ತೆಗೆದುಕೊಂಡಿದ್ದೇವೆ. ಪಿಯಾನೊ ಬಂತು, ಗಿಟಾರ್ ಸೋಲೊ ಬಂತು, ಮುಖ್ಯ ದನಿಯವನೂ ಪರವಾಗಿಲ್ಲ. ಸ್ಕೇಲ್ ಮಾತ್ರ ಎ ಫ್ಲ್ಯಾಟ್‌ನಿಂದ ಎಫ್‌ಗೆ ಇಳಿಸಿದ್ದೇವೆ, ಇಲ್ಲದಿದ್ದರೆ ಅವನ ಗಂಟಲು ಉಳಿಯಲ್ಲ. ಕಷ್ಟ ಇರೋದು ಹಿಂದಿನ ಹಾಡುಗಾರಿಕೆಯಲ್ಲಿ. ಮೂವರು ಗಂಡಸರು, ಕೀಬೋರ್ಡ್ ನುಡಿಸುವ ಹುಡುಗಿ ಒಬ್ಬಳು, ನಾಲ್ಕು ಜನ ನಾಲ್ಕು ಭಾಗ ಹಂಚಿಕೊಂಡು ಹಾಡುತ್ತೇವೆ. ಶ್ರುತಿ ಸರಿಯಿದೆ, ಟ್ಯೂನರ್ ಆ್ಯಪ್‌ನಲ್ಲೂ ನೋಡಿದೆವು. ಆದರೂ ರೆಕಾರ್ಡ್ ಮಾಡಿ ಕೇಳಿದರೆ ಶಾಲೆಯಲ್ಲಿ ಬೆಳಗ್ಗೆ ಸಾಲಾಗಿ ನಿಂತು ಹಾಡುವ ಪ್ರಾರ್ಥನೆ ಥರ ಇದೆ. ಆ ಹಾಡಿಗೆ ಗಾಸ್ಪೆಲ್, ಅಂದರೆ ಅಮೆರಿಕದ ಕರಿಯರ ಚರ್ಚ್ ಹಾಡುಗಾರಿಕೆ, ಮೂಲ ಅಂತ ಎಲ್ಲರೂ ಹೇಳುತ್ತಾರೆ. ಮೂಲ ಗೊತ್ತಾದರೆ ನಮ್ಮ ತಪ್ಪೂ ಗೊತ್ತಾಗಬಹುದು ಅಂತ ಇಲ್ಲಿ ಕೇಳುತ್ತಿದ್ದೇನೆ.

ಮೈಕ್‌ಸೆಟ್_ಮಂಜ
ಯಾವ ಮೈಕ್ ಬ್ರೋ? ನಾಲ್ಕು ಜನಕ್ಕೆ ನಾಲ್ಕು ಮೈಕ್ ಇದ್ದರೆ ಒಬ್ಬೊಬ್ಬರ ದನಿ ಬೇರೆ ಬೇರೆಯಾಗಿಯೇ ಕೇಳಿಸೋದು. ರಿವರ್ಬ್ ಜಾಸ್ತಿ ಮಾಡಿ, ಚರ್ಚ್ ಎಫೆಕ್ಟ್ ಬರುತ್ತೆ. ನಾನು ಮದುವೆ ಕಾರ್ಯಕ್ರಮಗಳಲ್ಲಿ ಅದನ್ನೇ ಮಾಡೋದು.

ಬೇಸ್_ಹುಡುಗ
ಮಂಜಣ್ಣ, ಮೈಕ್ ಇಲ್ಲದೆ ರೂಮಿನಲ್ಲಿ ಸುಮ್ನೆ ನಿಂತು ಹಾಡಿದರೂ ಹಾಗೇ ಇದೆ. ರಿವರ್ಬ್ ಹಾಕಿದರೆ ದೊಡ್ಡ ಹಾಲ್‌ನಲ್ಲಿ ನಡೆಯುವ ಶಾಲೆ ಪ್ರಾರ್ಥನೆ ಆಗುತ್ತೆ, ಅಷ್ಟೇ.

ಗುಂಡ_ಡ್ರಮ್ಸ್
ಇದರಲ್ಲಿ ಏನು ಕಷ್ಟ? ರಾಕ್‌ನಲ್ಲಿರೋ ಹಾರ್ಮನಿ ಎಲ್ಲಾ ಕರಿಯರ ಚರ್ಚ್‌ನಿಂದ ಬಂದಿದ್ದು. ಎಲ್ವಿಸ್, ಬೀಟಲ್ಸ್, ಕ್ವೀನ್, ಎಲ್ಲರೂ. ಲಿಟಲ್ ರಿಚರ್ಡ್ 'ವೂ' ಅಂತ ಕೂಗೋದೂ ಚರ್ಚ್‌ದೇ. ನೀವು ಭಕ್ತಿಯಿಂದ ಹಾಡುತ್ತಿಲ್ಲ, ಅದಕ್ಕೇ ಬರ್ತಿಲ್ಲ. ಫೀಲ್ ಬೇಕು ಗುರು, ಫೀಲ್.

ರೆಕಾರ್ಡ್_ಗೂಡು
ಗುಂಡಣ್ಣ ಹೇಳಿದ್ದು ಅರ್ಧ ನಿಜ. 'ವೂ' ವಿಷಯ ಸರಿ. ಅದು ಮೇರಿಯನ್ ವಿಲಿಯಮ್ಸ್ ಅವರ ಕೂಗು, ವಾರ್ಡ್ ಸಿಂಗರ್ಸ್ ತಂಡದಲ್ಲಿದ್ದವರು. ರಿಚರ್ಡ್ ಅವರಿಂದ ಅದನ್ನು ಎತ್ತಿಕೊಂಡ, ಬೀಟಲ್ಸ್‌ನ ಪಾಲ್ ಮೆಕಾರ್ಟ್ನಿ ರಿಚರ್ಡ್‌ನಿಂದ ಎತ್ತಿಕೊಂಡ. 1947ರಲ್ಲಿ ಜಾರ್ಜಿಯಾದ ಮೇಕನ್ ಊರಿಗೆ ಸಿಸ್ಟರ್ ರೊಸೆಟ್ಟಾ ಥಾರ್ಪ್ ಬಂದಾಗ ಹದಿನಾಲ್ಕರ ಹುಡುಗ ರಿಚರ್ಡ್‌ನನ್ನು ವೇದಿಕೆ ಹತ್ತಿಸಿ ಹಾಡಿಸಿದ್ದರು. ಅವನ ಮೊದಲ ದೊಡ್ಡ ವೇದಿಕೆ ಅದೇ.

ಆದರೆ 'ಎಲ್ಲಾ ಹಾರ್ಮನಿ' ಅನ್ನೋದು ತಪ್ಪು. ಬೀಟಲ್ಸ್‌ನವರ ಎರಡು ದನಿ ಒಟ್ಟಿಗೆ ಅಂಟಿಕೊಂಡು ಹೋಗೋದು ಎವರ್ಲಿ ಬ್ರದರ್ಸ್ ಕಡೆಯಿಂದ ಬಂದಿದ್ದು. ಅವರು ಕೆಂಟಕಿ ಮೂಲದ ಹಳ್ಳಿಗಾಡಿನ ಹಾಡಿನ ಮನೆತನ. ಬೀಚ್ ಬಾಯ್ಸ್‌ನ ಬ್ರಯನ್ ವಿಲ್ಸನ್ ಕಲಿತಿದ್ದು ಫೋರ್ ಫ್ರೆಶ್‌ಮೆನ್ ಅನ್ನೋ ಜಾಝ್ ತಂಡದ ರೆಕಾರ್ಡ್ ತಿರುಗಿಸಿ ತಿರುಗಿಸಿ ಕೇಳಿ. ಎಲ್ವಿಸ್ ಹಿಂದೆ ಹಾಡಿದ ಜೋರ್ಡನೇರ್ಸ್ ಗಾಸ್ಪೆಲ್ ತಂಡವೇ ನಿಜ, ಆದರೆ ಅಮೆರಿಕದ ದಕ್ಷಿಣದ ಬಿಳಿಯರ ಕ್ವಾರ್ಟೆಟ್, ಅಂದರೆ ನಾಲ್ವರ ತಂಡ. ಅದರ ನಡಿಗೆಯೇ ಬೇರೆ. ಆದ್ದರಿಂದ 'ಚರ್ಚ್‌ನಿಂದ ಬಂತು' ಅಂದ ಕೂಡಲೇ ಯಾವ ಚರ್ಚ್ ಅಂತ ಕೇಳಬೇಕು.

ಕರಾವಳಿ_ಟೆನರ್
ನಾನು ಮಂಗಳೂರು ಕಡೆಯವನು, ಚಿಕ್ಕಂದಿನಿಂದ ಚರ್ಚ್ ಕ್ವಾಯರ್‌ನಲ್ಲಿ ಟೆನರ್ ಹಾಡುತ್ತಿದ್ದೇನೆ. ಬಾಸೆಲ್ ಮಿಷನ್‌ನವರು ನಮ್ಮೂರಿಗೆ ಬಂದಿದ್ದು 1834ರಲ್ಲಿ. ಆವತ್ತಿನಿಂದ ಬಂದ ಪದ್ಧತಿ ಏನಂದರೆ ಮೇಲಿನ ದನಿಯಿಂದ ಕೆಳಗಿನ ದನಿಯವರೆಗೆ ನಾಲ್ಕು ಭಾಗ: ಸೋಪ್ರಾನೊ, ಆಲ್ಟೊ, ಟೆನರ್, ಬೇಸ್. ಕನ್ನಡ ಕೀರ್ತನೆಗಳನ್ನೂ ನಾವು ಹಾಗೇ ಹಾಡುತ್ತೇವೆ. ನಿಮ್ಮ ಬ್ಯಾಂಡ್ ಮಾಡುತ್ತಿರೋದು ಇದನ್ನೇ, ಆದ್ದರಿಂದ ತಪ್ಪೇನೂ ಇಲ್ಲ ಅನ್ನಿಸುತ್ತೆ. ಒಬ್ಬೊಬ್ಬರ ಭಾಗ ಬೇರೆ ಬೇರೆ ಕಲಿತು ಆಮೇಲೆ ಕೂಡಿಸಿ. ನಮ್ಮ ಕ್ವಾಯರ್ ಮಾಸ್ಟರ್ ಒಂದೇ ಮಾತು ಹೇಳೋರು, ಸ್ವರದಿಂದ ಸ್ವರಕ್ಕೆ ಜಾರಬೇಡಿ, ಮೆಟ್ಟಿಲು ಹತ್ತಿದ ಹಾಗೆ ಹತ್ತಿ. ಒಂದು ಸಲ ನಾನು ಕ್ರಿಸ್ಮಸ್ ಹಾಡಲ್ಲಿ ಸ್ವಲ್ಪ ಜಾರಿದೆ ಅಂತ ಎಲ್ಲರ ಎದುರು ನಿಲ್ಲಿಸಿ ಏಳು ಸಲ ಹಾಡಿಸಿದರು. ಇವತ್ತಿಗೂ ಆ ಸಾಲು ಬಂದರೆ ಬೆನ್ನು ನೆಟ್ಟಗಾಗುತ್ತೆ.

ಹಳೇ_ಪಿಯಾನೊ
ಟೆನರ್ ಅವರೇ, ನಿಮ್ಮ ಮಾಸ್ಟರ್ ಹೇಳಿದ್ದು ನಿಮ್ಮ ಚರ್ಚಿಗೆ ನೂರಕ್ಕೆ ನೂರು ಸರಿ. ಈ ಹುಡುಗರ ರೋಗ ಇರೋದೂ ಅಲ್ಲೇ ಅಂತ ನನಗನ್ನಿಸುತ್ತೆ.

ನಾನು ನ್ಯೂಜೆರ್ಸಿಯಲ್ಲಿದ್ದಾಗ ಆರು ವರ್ಷ ಅಲ್ಲಿನ ಒಂದು ಗಾಸ್ಪೆಲ್ ಕ್ವಾಯರ್‌ನಲ್ಲಿ ಆಲ್ಟೊ ಹಾಡುತ್ತಿದ್ದೆ. ಸೀರೆ ಉಟ್ಟುಕೊಂಡು ಹೋದ ಮೊದಲ ದಿನವೇ ನಗುತ್ತಾ ಒಳಗೆ ಕರೆದುಕೊಂಡರು. ಅಲ್ಲಿ ನನಗೆ ಮೊದಲು ಆಶ್ಚರ್ಯ ಆಗಿದ್ದು ಎಲ್ಲಿ ಅಂದರೆ, ಕೈಯಲ್ಲಿ ನೊಟೇಶನ್ ಹಾಳೆ ಇಲ್ಲ, ಬೇಸ್ ಭಾಗವೂ ಇಲ್ಲ. ಮೂರೇ ಭಾಗ. ಗಂಡಸರು ಬಹುತೇಕ ಎಲ್ಲರೂ ಟೆನರ್. ಕೆಳಗಿನ ದಪ್ಪ ಸ್ವರವನ್ನು ಆರ್ಗನ್‌ನವರು, ಬೇಸ್ ಗಿಟಾರಿನವರು ನೋಡಿಕೊಳ್ಳುತ್ತಾರೆ. ಗಾಸ್ಪೆಲ್ ಕ್ವಾಯರ್ ನಡೆಸುತ್ತಿದ್ದ ಜೇಮ್ಸ್ ಕ್ಲೀವ್‌ಲ್ಯಾಂಡ್ ಕಾಲದಿಂದ, ಅಂದರೆ 1960ರ ದಶಕದಿಂದ, ದೊಡ್ಡ ಕ್ವಾಯರ್‌ಗಳಲ್ಲಿ ಇದೇ ರೂಢಿ ಗಟ್ಟಿಯಾಯಿತು.

ಈ ಮೂರು ಭಾಗ ಒಂದಕ್ಕೊಂದು ಒತ್ತಿಕೊಂಡು ನಿಂತಿರುತ್ತವೆ. ಸರಿಗಮದಲ್ಲಿ ಹೇಳಿದರೆ, ಟೆನರ್ 'ಸ', ಆಲ್ಟೊ 'ಗ', ಸೋಪ್ರಾನೊ 'ಪ'. ಈಗ ನಿರ್ದೇಶಕಿ ಕೈ ಮೇಲೆತ್ತಿದರು ಅನ್ನಿ. ಎಲ್ಲರೂ ಒಂದೊಂದು ಮೆಟ್ಟಿಲು ಮೇಲೆ: ಟೆನರ್ 'ಗ'ಕ್ಕೆ, ಆಲ್ಟೊ 'ಪ'ಕ್ಕೆ, ಸೋಪ್ರಾನೊ ಮೇಲಿನ 'ಸ'ಕ್ಕೆ. ಮತ್ತೊಮ್ಮೆ ಕೈ ಎತ್ತಿದರೆ ಟೆನರ್ 'ಪ', ಆಲ್ಟೊ ಮೇಲಿನ 'ಸ', ಸೋಪ್ರಾನೊ ಮೇಲಿನ 'ಗ'. ಮಾತೂ ಅದೇ, ಮೂರು ಸ್ವರವೂ ಅವೇ, ಆದರೆ ಇಡೀ ಗುಂಪು ನೆಲ ಬಿಟ್ಟು ಎದ್ದ ಹಾಗೆ ಆಗುತ್ತೆ. ಮೂರನೇ ಸಲಕ್ಕೆ ಟೆನರ್‌ನವರ ಕುತ್ತಿಗೆ ನರ ಕಾಣುತ್ತಿರುತ್ತೆ. ಆ ಕಷ್ಟದ ದನಿಯೇ ಅಲ್ಲಿನ ರುಚಿ.

ನಿಮ್ಮ ನಾಲ್ಕು ಭಾಗದ ಪದ್ಧತಿಯಲ್ಲಿ ಹೀಗೆ ಆಗೋದಿಲ್ಲ. ಅಲ್ಲಿ ಒಬ್ಬರು ಮೇಲೆ ಹೋದರೆ ಇನ್ನೊಬ್ಬರು ಕೆಳಗೆ ಬರುತ್ತಾರೆ, ಎಲ್ಲರೂ ಒಟ್ಟಿಗೆ ಒಂದೇ ಕಡೆ ಓಡಬಾರದು ಅನ್ನೋದು ಆ ಶಾಸ್ತ್ರದ ನಿಯಮ. ಅದಕ್ಕೇ ಅದು ಗಂಭೀರವಾಗಿ, ಸಮಾಧಾನವಾಗಿ ಕೇಳಿಸುತ್ತೆ. ಬೇಸ್_ಹುಡುಗ, ನಿಮ್ಮಲ್ಲಿ ಬೇಸ್ ಭಾಗ ಹಾಡುವವರು ಯಾರು?

ಬೇಸ್_ಹುಡುಗ
ನಾನೇ ಮೇಡಂ. ಬೇಸ್ ಗಿಟಾರೂ ನಾನೇ, ಬೇಸ್ ಹಾಡೋದೂ ನಾನೇ. ಎರಡರಲ್ಲೂ ಒಂದೇ ಸ್ವರ ಬರುತ್ತಿತ್ತು. ಅಯ್ಯೋ.

ಹಳೇ_ಪಿಯಾನೊ
ಹಾಗಾದರೆ ಮೊದಲು ನೀವು ಬಾಯಿ ಮುಚ್ಚಿ, ಬೆರಳು ಮಾತ್ರ ಆಡಿಸಿ 😄 ಇಲ್ಲವೇ ಟೆನರ್ ಜೊತೆ ಸೇರಿಕೊಳ್ಳಿ.

ಕರಾವಳಿ_ಟೆನರ್
ಒಪ್ಪಿದೆ, ಆದರೆ ಒಂದು ತಕರಾರು ಇದೆ. ಫ್ರೆಡ್ಡಿ ಮರ್ಕ್ಯುರಿ ಓದಿದ್ದು ಪಂಚಗಣಿಯ ಸೇಂಟ್ ಪೀಟರ್ಸ್ ಶಾಲೆಯಲ್ಲಿ. ಇಂಗ್ಲಿಷ್ ಮಾದರಿ ಬೋರ್ಡಿಂಗ್ ಶಾಲೆ. ಅಲ್ಲಿ ಕ್ವಾಯರ್‌ನಲ್ಲಿ ಹಾಡಿದ್ದಾನೆ, ಪಿಯಾನೊ ಕಲಿತಿದ್ದಾನೆ. ಅಂದರೆ ಅವನ ಕಿವಿಗೆ ಮೊದಲು ಬಿದ್ದಿದ್ದು ನಮ್ಮ ಥರದ ಹಿಮ್ನ್, ಗಾಸ್ಪೆಲ್ ಅಲ್ಲ. ಕ್ವೀನ್ ಹಾಡುಗಳ ಹಾರ್ಮನಿ ಅಷ್ಟು ಚೊಕ್ಕ ಇರೋದಕ್ಕೆ ಅದೂ ಕಾರಣ ಇರಬೇಕು ಅಲ್ವಾ?

ರೆಕಾರ್ಡ್_ಗೂಡು
ಇರಬಹುದು. ಆದರೆ ಈ ಒಂದು ಹಾಡಿನ ಮಟ್ಟಿಗೆ ಅವನ ಕಣ್ಣಿದ್ದದ್ದು ಗಾಸ್ಪೆಲ್ ಹಾಡಿ ಬೆಳೆದ ಹಾಡುಗಾರ್ತಿ ಅರೀಥಾ ಫ್ರ್ಯಾಂಕ್ಲಿನ್ ಮೇಲೆ, ಅದರಲ್ಲಿ ಯಾರಿಗೂ ಅನುಮಾನ ಇಲ್ಲ. ಹಾಡು ಹೊರಬಂದಿದ್ದು 1976ರ ನವೆಂಬರ್‌ನಲ್ಲಿ. ಅದಕ್ಕೆ ಸುಮಾರು ಐದು ವರ್ಷ ಮೊದಲು, 1972ರ ಜನವರಿಯಲ್ಲಿ, ಅರೀಥಾ ಲಾಸ್ ಏಂಜಲೀಸ್‌ನ ಒಂದು ಬ್ಯಾಪ್ಟಿಸ್ಟ್ ಚರ್ಚ್‌ನಲ್ಲಿ ಎರಡು ರಾತ್ರಿ ಹಾಡಿ ರೆಕಾರ್ಡ್ ಮಾಡಿದ್ದರು, ಮೇಡಂ ಹೇಳಿದ ಅದೇ ಜೇಮ್ಸ್ ಕ್ಲೀವ್‌ಲ್ಯಾಂಡ್ ಪಕ್ಕದಲ್ಲಿದ್ದರು. ಆ ಜನರ ಮಧ್ಯೆ ರೋಲಿಂಗ್ ಸ್ಟೋನ್ಸ್‌ನ ಹಾಡುಗಾರ ಮಿಕ್ ಜ್ಯಾಗರ್ ಕೂತಿದ್ದ, ಚಿತ್ರೀಕರಣದಲ್ಲಿ ಕಾಣಿಸುತ್ತಾನೆ. ರಾಕ್‌ನವರು ಚರ್ಚ್ ಬಾಗಿಲಲ್ಲಿ ನಿಂತು ಕಲಿತರು ಅನ್ನೋದಕ್ಕೆ ಅದಕ್ಕಿಂತ ಒಳ್ಳೆ ಫೋಟೊ ಬೇಕಿಲ್ಲ.

ಇನ್ನೊಂದು ವಿಷಯ. ಕ್ವೀನ್‌ನ ಆ ಕ್ವಾಯರ್‌ನಲ್ಲಿ ಇರೋದು ಬರೀ ಮೂರು ಜನ. ಫ್ರೆಡ್ಡಿ, ಬ್ರಯನ್ ಮೇ, ರೋಜರ್ ಟೇಲರ್. ಬೇಸ್ ನುಡಿಸುವ ಜಾನ್ ಡೀಕನ್ ಹಾಡಲ್ಲ. ಬೇಸ್_ಹುಡುಗ, ನಿಮಗೆ ಅದು ಸಮಾಧಾನ ಕೊಡಬಹುದು. ಟೇಪಿನಲ್ಲಿ ಮೂವರ ದನಿಯನ್ನೇ ಒಂದರ ಮೇಲೊಂದು ಪೇರಿಸಿದ್ದಾರೆ.

ಹಳೇ_ಪಿಯಾನೊ
ಪೇರಿಸಿದ ರೀತಿಯಲ್ಲೂ ಒಂದು ಗುಟ್ಟಿದೆ. ಫ್ರೆಡ್ಡಿ ಒಂದು ಭಾಗ, ಮೇ ಒಂದು, ಟೇಲರ್ ಒಂದು ಅಂತ ಹಂಚಿಕೊಂಡಿಲ್ಲ. ಮೂವರೂ ಒಟ್ಟಿಗೆ ಕೆಳಗಿನ ಸಾಲು ಹಾಡುತ್ತಿದ್ದರು, ಆಮೇಲೆ ಮೂವರೂ ಒಟ್ಟಿಗೆ ಮಧ್ಯದ್ದು, ಆಮೇಲೆ ಮೇಲಿನದ್ದು. ಹಾಗಾಗಿ ಪ್ರತಿ ಸಾಲಿನಲ್ಲೂ ಮೂರು ದನಿಯ ಬಣ್ಣ ಬೆರೆತಿರುತ್ತೆ. ಮೇ ದನಿಯ ಮೆದುತನ, ಟೇಲರ್ ದನಿಯ ಚೂಪು, ಫ್ರೆಡ್ಡಿಯ ಗಟ್ಟಿತನ. ದೊಡ್ಡ ಕ್ವಾಯರ್‌ನಲ್ಲಿ ಆಗೋದೂ ಇದೇ. ಒಂದು ಭಾಗದಲ್ಲಿ ಹತ್ತು ಜನ ಇರುತ್ತಾರೆ, ಯಾರೊಬ್ಬರ ಗುರುತೂ ಹತ್ತಲ್ಲ.

ನಿಮ್ಮಲ್ಲಿ ಒಬ್ಬೊಬ್ಬರಿಗೆ ಒಂದೊಂದು ಭಾಗ. ಹಾಗಾಗಿ ಪ್ರತಿ ಭಾಗಕ್ಕೂ ಒಂದು ಮುಖ ಇದೆ. ಪರೀಕ್ಷೆ ಸುಲಭ: ಫೋನನ್ನು ರೂಮಿನ ಆ ಕೊನೆಯಲ್ಲಿಟ್ಟು ರೆಕಾರ್ಡ್ ಮಾಡಿ. ಕೇಳುವಾಗ 'ಇದು ಇವನು, ಇದು ಅವಳು' ಅಂತ ಬೆರಳಿಟ್ಟು ಹೇಳಲು ಆದರೆ ದನಿ ಇನ್ನೂ ಬೆರೆತಿಲ್ಲ ಅಂತ ಅರ್ಥ.

ವೇದಿಕೆ ಮೇಲೆ ನಾಲ್ಕೇ ಜನ ಇದ್ದಾಗ ಪೇರಿಸಲು ಆಗಲ್ಲ. ಆದರೆ ಪ್ರಾಕ್ಟೀಸ್‌ನಲ್ಲಿ ಎಲ್ಲರೂ ಎಲ್ಲಾ ಸಾಲನ್ನೂ ಒಟ್ಟಿಗೆ ಹಾಡಿ. ಮೊದಲು ಎಲ್ಲರೂ 'ಸ' ಸಾಲು, ಹತ್ತು ಸಲ. ಆಗ ಬಾಯಿ ತೆರೆಯುವ ರೀತಿ ಒಂದೇ ಆಗುತ್ತೆ. ನಮ್ಮ ಕನ್ನಡದ ಬಾಯಿಗೆ ಇಲ್ಲೊಂದು ತೊಂದರೆ ಇದೆ, 'ಸಂಬಡಿ' ಅನ್ನುವಾಗ 'ಡ'ಕಾರ ಸುತ್ತಿಗೆ ಹೊಡೆದ ಹಾಗೆ ಬೀಳುತ್ತೆ. ನಾಲ್ಕು ಜನ ನಾಲ್ಕು ಗಳಿಗೆಯಲ್ಲಿ ನಾಲ್ಕು ಸುತ್ತಿಗೆ ಹೊಡೆದರೆ ಅಲ್ಲೇ ಹಾಳು. ಆ ಅಕ್ಷರವನ್ನು ಒಬ್ಬರು ಮಾತ್ರ ಸ್ಪಷ್ಟವಾಗಿ ಹೇಳಿ, ಉಳಿದವರು ಸ್ವರ ಎಳೆದುಕೊಂಡು ಹೋಗಿ. 'ಲವ್' ಕೊನೆಯ 'ವ್' ಎಲ್ಲಿ ಮುಗಿಯಬೇಕು ಅಂತಲೂ ಮೊದಲೇ ಮಾತಾಡಿಕೊಳ್ಳಿ.

ಸೊಲ್ಲು_ಹಿಡಿಯೋನು
ನಾನು ಕೊಳ್ಳೇಗಾಲದ ಕಡೆಯವನು. ಇಂಗ್ಲಿಷ್ ಹಾಡು ಜಾಸ್ತಿ ಗೊತ್ತಿಲ್ಲ, ಮಗಳು ಈ ಚರ್ಚೆ ತೋರಿಸಿದಳು. ಹಾಡು ಈಗಷ್ಟೇ ಎರಡು ಸಲ ಕೇಳಿದೆ. ಒಬ್ಬ ಹೇಳೋದು, ಹಿಂದಿನವರು ಹೇಳೋದು, ಇದು ನಮ್ಮಲ್ಲೂ ಇದೆಯಲ್ಲ? ಮಾದಪ್ಪನ ಪದ ಹೇಳುವಾಗ ಮುಂದಾಳು ಕತೆ ಹೇಳುತ್ತಾ ಹೋಗುತ್ತಾನೆ, ಹಿಮ್ಮೇಳದವರು ಸೊಲ್ಲು ಹಿಡಿಯುತ್ತಾರೆ. ನಾನು ಇಪ್ಪತ್ತು ವರ್ಷ ಸೊಲ್ಲು ಹಿಡಿದವನು.

ಗುಂಡ_ಡ್ರಮ್ಸ್
ಸರಿಯಾಗಿ ಹೇಳಿದಿರಿ ಸರ್. ಭಜನೆ ಕೂಡ ಇದೇ ಅಲ್ವಾ. ಒಬ್ಬರು ಹೇಳಿದ್ದನ್ನು ಎಲ್ಲರೂ ವಾಪಸ್ ಹೇಳೋದು. ಕಾಲ್ ಅಂಡ್ ರೆಸ್ಪಾನ್ಸ್ ಅಂದರೆ ಭಜನೆ. ಮುಗೀತು.

ಹಳೇ_ಪಿಯಾನೊ
ಗುಂಡ, ಸೊಲ್ಲಿಗೂ ಭಜನೆಗೂ ವ್ಯತ್ಯಾಸ ಇದೆ. ಬೇಸ್_ಹುಡುಗನ ಎರಡನೇ ತಪ್ಪೂ ಬಹುಶಃ ಇಲ್ಲೇ ಇದೆ.

ಭಜನೆಯಲ್ಲಿ ಸಾಮಾನ್ಯವಾಗಿ ಮುಂದಿನವರು ಹೇಳಿದ ಸಾಲನ್ನೇ ಹಿಂದಿನವರು ಹೇಳುತ್ತಾರೆ. ಅಮೆರಿಕದ ಹಳೇ ಚರ್ಚ್‌ಗಳಲ್ಲೂ ಅದು ಇತ್ತು. ಪುಸ್ತಕ ಇರಲಿಲ್ಲ, ಓದಲು ಬರೋರು ಕಡಿಮೆ. ಒಬ್ಬರು ಒಂದು ಸಾಲು ಹೇಳಿಕೊಡೋರು, ಎಲ್ಲರೂ ಅದನ್ನು ಎಳೆದು ಎಳೆದು ಹಾಡೋರು. ಆ ರೂಢಿ ಹುಟ್ಟಿದ್ದು ಬ್ರಿಟನ್ನಿನಲ್ಲಿ, 1640ರ ದಶಕದಲ್ಲೇ ಅಲ್ಲಿ ಹಾಗೆ ಹಾಡಿಸಿ ಅಂತ ಚರ್ಚಿನವರಿಗೆ ಸೂಚನೆ ಇತ್ತು. ಕರಿಯರ ಬ್ಯಾಪ್ಟಿಸ್ಟ್ ಚರ್ಚ್‌ಗಳಲ್ಲಿ ಅದು ಇನ್ನೂ ಉಳಿದಿದೆ, ಚರ್ಚ್ ಹಾಡುಗಳನ್ನು ಬರೆದ ಐಸಾಕ್ ವಾಟ್ಸ್ ಹೆಸರಿನಲ್ಲಿ 'ಡಾಕ್ಟರ್ ವಾಟ್ಸ್' ಅಂತಲೇ ಕರೆಯುತ್ತಾರೆ.

ಗಾಸ್ಪೆಲ್‌ನಲ್ಲಿ ಆಮೇಲೆ ಬೆಳೆದಿದ್ದು ಬೇರೆ ಥರ. ಅಲ್ಲಿ ಹಿಂದಿನವರ ಮಾತು ಬದಲಾಗಲ್ಲ, ಮುಂದಿನವರದ್ದು ಮಾತ್ರ ಬದಲಾಗುತ್ತಾ ಹೋಗುತ್ತೆ. ಸೊಲ್ಲಿನ ಹಾಗೆಯೇ. ಕ್ವಾಯರ್ ಒಂದು ಚಿಕ್ಕ ಮಾತು ಹಿಡಿದು ಕೂರುತ್ತೆ. ಅದರ ಮೇಲೆ ಹಾಡುಗಾರ್ತಿ ತಾಯಿಯ ಕತೆ, ಸಾಲದ ಕತೆ, ಆಸ್ಪತ್ರೆ ಕತೆ ಏನಾದರೂ ಕಟ್ಟುತ್ತಾಳೆ. ಅವಳ ಮಾತು ಮುಗಿಯುವ ಮೊದಲೇ ಕ್ವಾಯರ್ ಬಂದುಬಿಡುತ್ತೆ, ಕಾಯಲ್ಲ. ಒಂದರ ಬಾಲ ಇನ್ನೊಂದರ ತಲೆ ಮೇಲೆ.

ಸೊಲ್ಲು_ಹಿಡಿಯೋನು
ಹೌದು ತಾಯಿ. ಮುಂದಾಳಿಗೆ ಉಸಿರು ತೆಗೆದುಕೊಳ್ಳಲು ನಾವು ಜಾಗ ಮಾಡಿಕೊಡಬೇಕು. ಅವನು ಸುಸ್ತಾದ ಅಂತ ಗೊತ್ತಾದರೆ ಬೇಗ ಎತ್ತಿಕೊಳ್ಳುತ್ತೇವೆ, ಮಾತು ಮರೆತ ಅಂದರೆ ಇನ್ನೊಂದು ಸುತ್ತು ಸೊಲ್ಲು ಹೇಳುತ್ತೇವೆ. ಕೇಳೋರಿಗೆ ಗೊತ್ತೇ ಆಗಲ್ಲ.

ರೆಕಾರ್ಡ್_ಗೂಡು
ಇದನ್ನು ಚರ್ಚ್‌ನಿಂದ ಎತ್ತಿ ಹೊರಗೆ ತಂದವರಲ್ಲಿ ದೊಡ್ಡವನು ರೇ ಚಾರ್ಲ್ಸ್. 1954ರಲ್ಲಿ ಸದರ್ನ್ ಟೋನ್ಸ್ ಅನ್ನೋ ತಂಡ ಯೇಸುವಿನ ಮೇಲೆ ಹಾಡಿದ ಹಾಡೊಂದರ ಧಾಟಿ ರೇಡಿಯೊದಲ್ಲಿ ಕೇಳಿ, ಅದೇ ವರ್ಷ ಅದನ್ನು ಹುಡುಗಿ ಮೇಲಿನ ಹಾಡಾಗಿ ತಿರುಗಿಸಿದ. ಬ್ಲೂಸ್ ಹಾಡುವ ಬಿಗ್ ಬಿಲ್ ಬ್ರೂಂಝಿಯೇ, ದೇವರ ಹಾಡನ್ನೂ ಬ್ಲೂಸನ್ನೂ ಹೀಗೆ ಬೆರೆಸಬಾರದು ಅಂತ ಬೇಸರ ಮಾಡಿಕೊಂಡಿದ್ದ. 1959ರಲ್ಲಿ 'ವಾಟ್‌ಡ್ ಐ ಸೇ' ಬಂತು. ರೇ ಹೇಳಿಕೊಂಡ ಪ್ರಕಾರ ಆ ಹಾಡು ಹುಟ್ಟಿದ್ದು ಒಂದು ಕಾರ್ಯಕ್ರಮದ ಕೊನೆಯಲ್ಲಿ. ಹಾಡಲು ಇನ್ನೇನೂ ಉಳಿದಿರಲಿಲ್ಲ, ಸಮಯ ಮಾತ್ರ ಉಳಿದಿತ್ತು. ಹಿಂದಿದ್ದ ಹುಡುಗಿಯರಿಗೆ ನಾನು ಹೇಳಿದ್ದನ್ನೇ ನೀವೂ ಹೇಳಿ ಅಂದ, ಶುರುಮಾಡಿದ. ಕೊನೆಗೆ ಅದರಲ್ಲಿ ಮಾತೇ ಇಲ್ಲ, ಬರೀ 'ಊಂ' ಮತ್ತು 'ಓಹ್'. ಚರ್ಚ್‌ನಲ್ಲಿ ಮೈಮರೆತು ನರಳುವ ದನಿಯೇ ಅದು, ಆದರೆ ಹೊರಗಿನವರಿಗೆ ಬೇರೆ ಅರ್ಥ ಕೇಳಿಸಿತು. ಕೆಲವು ರೇಡಿಯೊದವರು ಹಾಕಲು ಒಪ್ಪಲಿಲ್ಲ.

ಮೇಡಂ, ಇದರಲ್ಲಿ ಹಿಂದಿನವರು ಹೇಳಿದ್ದನ್ನೇ ವಾಪಸ್ ಹೇಳುತ್ತಾರಲ್ಲ? ಗುಂಡನ ಭಜನೆ ಥಿಯರಿಯನ್ನು ಪೂರ್ತಿ ಕಸದ ಬುಟ್ಟಿಗೆ ಹಾಕಬೇಡಿ.

ಗುಂಡ_ಡ್ರಮ್ಸ್
🙏🙏

ಹಳೇ_ಪಿಯಾನೊ
ಒಪ್ಪಿದೆ, ಎರಡೂ ಇವೆ. ಗುಂಡನಿಗೆ ಒಂದು ಅಂಕ.

ಆದರೆ ಕ್ವೀನ್ ಹಾಡಿನಲ್ಲಿ ಒಂದು ಜಾಗ ಇದೆ, ಅದನ್ನು ಗಮನಿಸಿ ಕೇಳಿ. ಫ್ರೆಡ್ಡಿ 'ಐ ವರ್ಕ್ ಹಾರ್ಡ್' ಅಂತಾನೆ. ಹಿಂದಿನವರು 'ಹೀ ವರ್ಕ್ಸ್ ಹಾರ್ಡ್' ಅಂತಾರೆ. ಅಂದರೆ ಅವನು 'ನಾನು ಮೈಮುರಿದು ದುಡೀತೀನಿ' ಅಂದಾಗ ಹಿಂದಿನವರು 'ಹೌದು, ಅವನು ದುಡೀತಾನೆ' ಅಂತ ಸಾಕ್ಷಿ ಹೇಳುತ್ತಿದ್ದಾರೆ. ಅವರು ಅವನ ಪ್ರತಿಧ್ವನಿ ಅಲ್ಲ. ಪಕ್ಕದ ಬೆಂಚಿನಲ್ಲಿ ಕೂತ ಜನ. ಚರ್ಚ್‌ನಲ್ಲಿ ಒಬ್ಬರು ಎದ್ದು ತಮ್ಮ ಕಷ್ಟ ಹೇಳಿಕೊಳ್ಳುವಾಗ ಉಳಿದವರು 'ಹೌದಪ್ಪಾ', 'ಹೇಳು ಹೇಳು' ಅನ್ನುತ್ತಾರಲ್ಲ, ಆ ಜಾಗದಲ್ಲಿ ನಿಂತಿದ್ದಾರೆ.

ನೀವು ಏನಂತ ಹಾಡುತ್ತೀರಿ?

ಬೇಸ್_ಹುಡುಗ
ಮೇಡಂ... ನಾವು ನಾಲ್ಕೂ ಜನ 'ಐ ವರ್ಕ್ ಹಾರ್ಡ್' ಅಂತಲೇ ಹಾಡುತ್ತಿದ್ದೆವು. ಎಂಟು ವಾರದಿಂದ. ಹಾಡು ನೂರು ಸಲ ಕೇಳಿದ್ದೇನೆ, ಒಮ್ಮೆಯೂ ಕಿವಿಗೆ ಬಿದ್ದಿಲ್ಲ.

ಮೈಕ್‌ಸೆಟ್_ಮಂಜ
ನಿಮ್ಮ ಬ್ಯಾಂಡ್‌ನಲ್ಲಿ ಐವರೂ ದುಡಿಯುತ್ತಿದ್ದೀರಿ ಅಂತ ಆಯ್ತು ಬಿಡಿ 😂

ಕರಾವಳಿ_ಟೆನರ್
ಈಗ ಹಾಕಿಕೊಂಡು ಕೇಳಿದೆ. ನಿಜ. ನಮ್ಮ ಕೀರ್ತನೆಗಳಲ್ಲಿ ಇದು ಇಲ್ಲವೇ ಇಲ್ಲ. ನಮ್ಮಲ್ಲಿ ಎಲ್ಲರೂ ಸೇರಿ 'ನಾನು' ಅಂತ ಹಾಡುತ್ತೇವೆ, ಪ್ರತಿಯೊಬ್ಬನೂ ದೇವರ ಎದುರು ತಾನೇ ನಿಂತ ಹಾಗೆ. ಒಬ್ಬನಿಗೆ ಇನ್ನೊಬ್ಬ ಉತ್ತರ ಕೊಡೋದಿಲ್ಲ.

ಇನ್ನೊಂದು ಕೇಳಬೇಕು. ಜಾರಬಾರದು ಅಂತ ಕಲಿತವನು ನಾನು. ಗಾಸ್ಪೆಲ್‌ನಲ್ಲಿ ಜಾರಬೇಕು ಅಂತೀರಾ?

ಹಳೇ_ಪಿಯಾನೊ
ಕ್ವಾಯರ್ ಜಾರೋದಾದರೆ ಎಲ್ಲರೂ ಸೇರಿ ಒಂದೇ ಜಾಗದಲ್ಲಿ ಜಾರಬೇಕು. ಹಾಡುಗಾರ ತನಗೆ ಬೇಕಾದ ಹಾಗೆ ಜಾರಬಹುದು, ಗಂಟಲು ಒಡೆಯಬಹುದು, ಅಳಬಹುದು. ಹಿಂದೆ ನಿಂತವರು ಗೋಡೆ. ಗೋಡೆ ನೆಟ್ಟಗಿದ್ದರೆ ಮಾತ್ರ ಅವನ ಅಳು ಅಳುವಾಗಿ ಕೇಳಿಸುತ್ತೆ, ಗೋಡೆಯೂ ಅತ್ತರೆ ಗದ್ದಲ. ನಿಮ್ಮ ಮಾಸ್ಟರ್‌ದು ಪೂರ್ತಿ ವ್ಯರ್ಥ ಅಲ್ಲ ನೋಡಿ.

ಗುಂಡ_ಡ್ರಮ್ಸ್
ಗಂಟಲು ಒಡೆಯೋದು ಅಂದ ಕೂಡಲೇ 'ಗಿಮ್ಮಿ ಶೆಲ್ಟರ್' ನೆನಪಾಯ್ತು. ರೋಲಿಂಗ್ ಸ್ಟೋನ್ಸ್, 1969. ಅದರಲ್ಲಿ ಆ ಹೆಂಗಸು ಕೂಗುವಾಗ ದನಿ ಸೀಳಿ ಹೋಗುತ್ತೆ, ರೋಮ ನಿಲ್ಲುತ್ತೆ. ಅದು ಭಕ್ತಿ ಅಲ್ಲದೆ ಇನ್ನೇನು?

ರೆಕಾರ್ಡ್_ಗೂಡು
ಮೆರಿ ಕ್ಲೇಟನ್. ನ್ಯೂ ಆರ್ಲಿಯನ್ಸ್‌ನ ಬ್ಯಾಪ್ಟಿಸ್ಟ್ ಪಾದ್ರಿಯ ಮಗಳು, ಅಪ್ಪನ ಚರ್ಚ್‌ನಲ್ಲಿ ಹಾಡಿ ಬೆಳೆದವರು. ಮಧ್ಯೆ ರೇ ಚಾರ್ಲ್ಸ್ ಹಿಂದೆ ಹಾಡುವ ರೇಲೆಟ್ಸ್ ತಂಡದಲ್ಲಿ ಇದ್ದರು. ಆ ರಾತ್ರಿ ಮಲಗುವ ಹೊತ್ತಿಗೆ ಫೋನ್ ಬಂತು, ಬಸುರಿ, ಕೂದಲಿಗೆ ಕರ್ಲರ್ ಹಾಕಿಕೊಂಡಿದ್ದವರು ಹಾಗೇ ಎದ್ದು ಲಾಸ್ ಏಂಜಲೀಸ್‌ನ ಸ್ಟುಡಿಯೊಗೆ ಹೋದರು. ದನಿ ಸೀಳಿದ ಮೇಲೆ ಸ್ಟುಡಿಯೊದಲ್ಲಿದ್ದ ಒಬ್ಬ ಖುಷಿಯಿಂದ ಕೂಗಿದ್ದೂ ರೆಕಾರ್ಡಿನಲ್ಲಿ ಕೇಳಿಸುತ್ತೆ. ಗಮನಿಸಿ, ಅದೂ ಒಂದು ಥರ ರೆಸ್ಪಾನ್ಸೇ.

ಆದರೆ ಗುಂಡಣ್ಣ, ಅದನ್ನು ಭಕ್ತಿ ಅನ್ನೋಕಿಂತ ಕಸುಬು ಅನ್ನಬೇಕು. ಬಾಲ್ಯದಿಂದ ಚರ್ಚ್‌ನಲ್ಲಿ ಹಾಡಿದವರಿಗೆ ದನಿಯನ್ನು ಆ ಅಂಚಿಗೆ ಎಷ್ಟು ತಳ್ಳಬಹುದು ಅನ್ನೋ ಅಂದಾಜು ಇರುತ್ತೆ. ನಾವು ನೀವು ಮಾಡಿದರೆ ಮರುದಿನ ಕಷಾಯ.

ಬೇಸ್_ಹುಡುಗ
ಇನ್ನೊಂದು ತೊಂದರೆ ಹೇಳಲೇ? ಹಾಡಿನ ಕೊನೆ ಕಡೆ ವಾದ್ಯ ಎಲ್ಲಾ ನಿಂತು, ಬರೀ ದನಿ ಇರೋ ಜಾಗ ಬರುತ್ತಲ್ಲ, 'ಫೈಂಡ್ ಮಿ' ಅಂತ ಕೆಳಗಿನಿಂದ ಶುರುವಾಗಿ ಏರುತ್ತಾ ಹೋಗೋದು. ಅಲ್ಲಿ ನಾವು ಪ್ರತಿ ಸಲವೂ ಬೀಳುತ್ತೇವೆ. ಒಬ್ಬ ಐದು ಸಲ ಅಂದುಕೊಂಡಿರುತ್ತಾನೆ, ಇನ್ನೊಬ್ಬ ಆರು. ಮೇಲೆ ಸ್ಪೀಡೂ ಜಾಸ್ತಿ ಆಗುತ್ತೆ.

ಹಳೇ_ಪಿಯಾನೊ
ಇಡೀ ಹಾಡಿನಲ್ಲಿ ಗಾಸ್ಪೆಲ್‌ಗೆ ತುಂಬಾ ಹತ್ತಿರ ಇರೋ ಜಾಗ ಅದು. ಅದನ್ನು 'ವ್ಯಾಂಪ್' ಅಂತಾರೆ. ಚರ್ಚ್‌ನಲ್ಲಿ ಅದಕ್ಕೆ ಎಣಿಕೆ ಇಲ್ಲ. ಜನ ಎದ್ದು ಕುಣಿಯುತ್ತಿದ್ದರೆ ಇಪ್ಪತ್ತು ಸಲ, ತಣ್ಣಗಿದ್ದರೆ ನಾಲ್ಕೇ ಸಲ. ಎಣಿಕೆ ಇಲ್ಲದ್ದರಿಂದಲೇ ಸನ್ನೆ ಇದೆ. ನಮ್ಮ ಕ್ವಾಯರ್‌ನಲ್ಲಿ ಬೆರಳು ಗಿರಗಿರ ತಿರುಗಿಸಿದರೆ ಅದೇ ಸಾಲು ಮತ್ತೆ. ಅಂಗೈ ಮೇಲೆತ್ತಿದರೆ ಸ-ಗ-ಪ ಬಿಟ್ಟು ಗ-ಪ-ಸ. ಮುಷ್ಟಿ ಹಿಡಿದರೆ ನಿಲ್ಲಬೇಕು. ಎಲ್ಲರ ಕಣ್ಣೂ ಒಬ್ಬರ ಕೈ ಮೇಲೆ. ಕ್ವೀನ್‌ನವರಿಗೆ ಇದು ಬೇಕಿರಲಿಲ್ಲ, ಟೇಪಿನಲ್ಲಿ ಒಂದೊಂದೇ ಪದರ ಹಾಕಿ ಅಳತೆ ಮಾಡಿ ಕಟ್ಟಿದ್ದು. ಅದನ್ನು ನೀವು ಎಣಿಸಿ ಹಾಡಲು ಹೋದರೆ ಲೆಕ್ಕ ತಪ್ಪಿದಾಗ ಹಿಡಿಯಲು ಏನೂ ಇರಲ್ಲ. ಒಬ್ಬರ ಕೈಗೆ ಅಧಿಕಾರ ಕೊಡಿ.

ಸ್ಪೀಡ್ ಏರೋದಕ್ಕೆ ಚಪ್ಪಾಳೆ ಕಾರಣ ಅಂತ ನನ್ನ ಊಹೆ. ಹಾಡಿನ ನಡೆ ತಿಶ್ರ. ತಕಿಟ ತಕಿಟ ತಕಿಟ ತಕಿಟ, ನಾಲ್ಕು ತಕಿಟಕ್ಕೆ ಒಂದು ಸುತ್ತು. ನೀವು ಎಲ್ಲಿ ಹೊಡೆಯುತ್ತೀರಿ?

ಬೇಸ್_ಹುಡುಗ
ಒಂದನೇ ಮತ್ತು ಮೂರನೇ ತಕಿಟದ ಮೇಲೆ.

ಹಳೇ_ಪಿಯಾನೊ
ಎರಡು ಮತ್ತು ನಾಲ್ಕಕ್ಕೆ ಹೊಡೆಯಿರಿ. ಮೊದಲ ತಕಿಟಕ್ಕೆ ಹೊಡೆದರೆ ದನಿಯೂ ಚಪ್ಪಾಳೆಯೂ ಒಂದೇ ಕಡೆ ಬಿದ್ದು ಮುಂದಕ್ಕೆ ತಳ್ಳುತ್ತೆ. ಎರಡಕ್ಕೆ ಹೊಡೆಯಬೇಕಾದರೆ ಮೈ ಸ್ವಲ್ಪ ಹಿಂದಕ್ಕೆ ವಾಲಲೇಬೇಕು, ಆ ಕಾಯುವಿಕೆಯೇ ಲಗಾಮು. ನಾನು ಮೊದಲ ತಿಂಗಳು ತಪ್ಪು ಕಡೆ ಹೊಡೆದು ಹೊಡೆದು, ಪಕ್ಕದಲ್ಲಿ ನಿಲ್ಲುತ್ತಿದ್ದ ಒಬ್ಬ ಅಜ್ಜಿ ನನ್ನ ಕೈ ಹಿಡಿದುಕೊಂಡೇ ಹಾಡುತ್ತಿದ್ದರು, ಪ್ರೀತಿಯಿಂದ ಅಂತ ಅಂದುಕೊಂಡಿದ್ದೆ.

ಗುಂಡ_ಡ್ರಮ್ಸ್
ಇದಂತೂ ನೂರಕ್ಕೆ ನೂರು. ಆದರೆ ಡ್ರಮ್ಮರ್ ಇರುವಾಗ ಕೈ ಸನ್ನೆ ಯಾಕೆ? ಒಂದು ರೋಲ್ ಕೊಟ್ಟರೆ ಎಲ್ಲರಿಗೂ ಗೊತ್ತಾಗುತ್ತೆ. ಡ್ರಮ್ಮರ್‌ಗಳಿಗೆ ಯಾರೂ ಅಧಿಕಾರ ಕೊಡಲ್ಲ ಅನ್ನೋದೇ ನನ್ನ ಗೋಳು.

ಸೊಲ್ಲು_ಹಿಡಿಯೋನು
ಕಂಸಾಳೆ ಹಿಡಿದವನು ಕೈ ಹೇಗೆ ತೋರಿಸಲಿ ಅಪ್ಪ? ನಮ್ಮಲ್ಲಿ ಮುಂದಾಳು ದನಿ ಇಳಿಸುವ ಧಾಟಿಯಲ್ಲೇ ಗೊತ್ತಾಗುತ್ತೆ. ಕಿವಿ ಅಲ್ಲೇ ಇರಬೇಕು, ಅಷ್ಟೇ.

ಬೇಸ್_ಹುಡುಗ
ಎಲ್ಲರಿಗೂ ವರದಿ. ನಿನ್ನೆ ಮೂರು ಗಂಟೆ ಕೂತೆವು.

ನಾನು ಬೇಸ್ ಹಾಡೋದು ಬಿಟ್ಟು ಟೆನರ್‌ಗೆ ಸೇರಿದೆ. ಎಲ್ಲರೂ ಸೇರಿ ಮೂರು ಸಾಲನ್ನೂ ಒಂದೊಂದಾಗಿ ಹತ್ತು ಸಲ ಹಾಡಿದೆವು, ಬೇಜಾರಾಯಿತು, ಆದರೆ ಆಮೇಲೆ ಹಂಚಿಕೊಂಡು ಹಾಡಿದಾಗ ಫೋನಿನ ರೆಕಾರ್ಡಿಂಗ್‌ನಲ್ಲಿ ಗಂಡಸರ ಮೂರು ದನಿಯಲ್ಲಿ ಯಾವುದು ಯಾರದ್ದು ಅಂತ ನನಗೇ ಗೊತ್ತಾಗಲಿಲ್ಲ. ಕೀಬೋರ್ಡ್ ಹುಡುಗಿಯ ದನಿ ಮಾತ್ರ ಇನ್ನೂ ಎದ್ದು ಕಾಣುತ್ತೆ, ಮೇಲಿನ ಸಾಲಿಗೆ ಅವಳೊಬ್ಬಳೇ. ಅದಕ್ಕೆ ಏನು ಮಾಡೋದು ಗೊತ್ತಿಲ್ಲ, ಗಿಟಾರಿನವನು ಕಳ್ಳದನಿಯಲ್ಲಿ ಅವಳ ಜೊತೆ ಹಾಡಲು ನೋಡಿದ, ಬೆಕ್ಕು ತುಳಿದ ಹಾಗಾಯಿತು.

'ಹೀ ವರ್ಕ್ಸ್ ಹಾರ್ಡ್' ಬದಲಾಯಿಸಿದೆವು. ಮೊದಲ ಸಲ ಹಾಡಿದಾಗ ನಮ್ಮ ಹಾಡುಗಾರ ತಿರುಗಿ ನಮ್ಮನ್ನು ನೋಡಿದ, ಇದುವರೆಗೆ ಅವನು ಹಾಡುವಾಗ ಒಮ್ಮೆಯೂ ಹಿಂದೆ ತಿರುಗಿದವನಲ್ಲ. ಮುಂದಿನ ಸಾಲು ಬಿಟ್ಟೇಬಿಟ್ಟ. ಆಗ ಸೊಲ್ಲು ಸರ್ ಹೇಳಿದ್ದು ನೆನಪಾಗಿ ನಾವೇ ಇನ್ನೊಂದು ಸುತ್ತು ಹಾಡಿದೆವು, ಅವನು ಸೇರಿಕೊಂಡ.

ಚಪ್ಪಾಳೆ ಎರಡು ನಾಲ್ಕಕ್ಕೆ ಹೊಡೆಯಲು ಮೂವರಿಗೆ ಬಂತು. ಡ್ರಮ್ಮರ್‌ಗೇ ಬರುತ್ತಿಲ್ಲ. ಕಾಲಲ್ಲಿ ಒಂದು, ಕೈಯಲ್ಲಿ ಇನ್ನೊಂದು ಆಗಲ್ಲವಂತೆ.

ಗುಂಡ_ಡ್ರಮ್ಸ್
ಅವನ ನಂಬರ್ ಕಳಿಸು, ನಾನು ಮಾತಾಡುತ್ತೇನೆ.

ಕರಾವಳಿ_ಟೆನರ್
ಮೇಲಿನ ಸಾಲಿಗೆ ಜನ ಬೇಕಾದರೆ ಹೇಳಿ, ಬೆಂಗಳೂರಿನಲ್ಲಿ ನನ್ನ ತಂಗಿ ಇದ್ದಾಳೆ, ಸೋಪ್ರಾನೊ. ಒಂದೇ ಎಚ್ಚರಿಕೆ, ಅವಳೂ ಅದೇ ಮಾಸ್ಟರ್ ಹತ್ತಿರ ಕಲಿತವಳು. ಜಾರಲ್ಲ.